ಕೊನೆಯ ಸಾಲಿನಲ್ಲಿದ್ದ ರಂಗ

ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ಆಗಸ್ಟ್ ಹದಿನೈದರ ಬೆಳಿಗ್ಗೆ ನಾನು ಅರಸೀಕೆರೆಯ ಮೈದಾನದಲ್ಲಿ, ವೇದಿಕೆಯ ಎಡತುದಿಯಲ್ಲಿ, ಮೈಕಿನ ಮುಂದೆ ನಿಂತಿದ್ದೆ. ಆಗ ಏಳನೇ ಕ್ಲಾಸು. ಬೆಳಗಿನ ಜಾವ ತುಂತುರು ಬಿದ್ದು ವೇದಿಕೆಗೆ ಹಾಸಿದ್ದ ತೆಂಗಿನ ನಾರಿನ ಹಾಸು ನೆನೆದಿತ್ತು. ಈಗಲೂ ಎಲ್ಲಾದರೂ ಒದ್ದೆ ನಾರಿನ ವಾಸನೆ ಬಂದರೆ ನನ್ನ ಕೈ ತಾನಾಗಿ ಒಂದು ಹಾಳೆಯನ್ನು ಹಿಡಿದಂತೆ ಮಡಚಿಕೊಳ್ಳುತ್ತದೆ.

ಅದೇ ವಾಸನೆ ನಮ್ಮ ಮನೆಯದೂ ಆಗಿತ್ತು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ಹೆಂಚಿನ ಮನೆ. ಅಟ್ಟದ ತುಂಬ ಕೊಬ್ಬರಿ ಒಣಗುತ್ತಿತ್ತು. ರಾತ್ರಿ ಗೂಡ್ಸ್ ಗಾಡಿ ಹಾದುಹೋದಾಗ ಅಟ್ಟದ ಕಾಯಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಟ್ಟದ ಏಣಿಯ ಪಕ್ಕದ ಮೊಳೆಯಲ್ಲಿ ನಾರಿನ ಹಗ್ಗದ ಕುಣಿಕೆಯೊಂದು ನೇತಾಡುತ್ತಿತ್ತು. ತೆಂಗಿನ ಮರ ಹತ್ತುವವರು ಎರಡೂ ಪಾದಕ್ಕೆ ಸೇರಿಸಿ ಹಾಕಿಕೊಳ್ಳುವಂಥದ್ದು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅದು ರಂಗನದು.

ರಂಗ ನಮ್ಮ ತಾತ ಸಿದ್ದಪ್ಪನವರ ಗೆಳೆಯ. ನಲವತ್ತೆರಡರ ಚಳವಳಿಯಲ್ಲಿ ಊರೂರಲ್ಲಿ ಹುಡುಗರು ತಂತಿ ಕತ್ತರಿಸುತ್ತಿದ್ದಾಗ ಇವರಿಬ್ಬರೂ ಒಂದು ರಾತ್ರಿ ರೈಲು ಹಳಿಯ ಪಕ್ಕದ ಟೆಲಿಗ್ರಾಫ್ ಕಂಬಕ್ಕೆ ಹೋದರು. ತಾತನಿಗೆ ಮರ ಹತ್ತಲು ಬರುತ್ತಿರಲಿಲ್ಲ. ರಂಗ ಹತ್ತಿದ, ತಾತ ಕೆಳಗೆ ಕಾವಲು ನಿಂತರು. ಬಿಗಿದ ತಂತಿ ತುಂಡಾದ ಕೂಡಲೇ ಚಾಟಿಯ ಹಾಗೆ ಹಿಂದಕ್ಕೆ ಸಿಡಿಯುತ್ತದೆಂದು ಇಬ್ಬರಿಗೂ ತಿಳಿದಿರಲಿಲ್ಲ. ಅದು ರಂಗನ ಕುತ್ತಿಗೆಗೆ ಬಡಿಯಿತು. ಬೆಳಕು ಹರಿಯುವ ಮೊದಲೇ ಅವನ ಮನೆಯವರು ಸದ್ದಿಲ್ಲದೆ ಅವನನ್ನು ಮಣ್ಣು ಮಾಡಿದರು. ಹೊರಗೆ ಗೊತ್ತಾದರೆ ಮನೆಮಂದಿಯನ್ನೆಲ್ಲ ಎಳೆದೊಯ್ಯುತ್ತಾರೆಂಬ ಹೆದರಿಕೆ. ವಾರದೊಳಗೆ ತಾತ ಸಿಕ್ಕಿಬಿದ್ದರು. ಜೊತೆಗೆ ಯಾರಿದ್ದರೆಂದು ಹೊಡೆದು ಕೇಳಿದಾಗ, "ನಾನೊಬ್ಬನೇ" ಅಂದರು. ಅಷ್ಟೇ ಕಾಗದಕ್ಕೆ ಹೋಯಿತು. ಹಾಸನದ ಜೈಲಿನಲ್ಲಿದ್ದುದಕ್ಕೆ ದಾಖಲೆ ಇತ್ತು, ಜೊತೆಗಿದ್ದ ಕೈದಿಗಳ ಸಾಕ್ಷಿ ಇತ್ತು, ಆದ್ದರಿಂದ ತಾತ ಸ್ವಾತಂತ್ರ್ಯ ಹೋರಾಟಗಾರರಾದರು. ರಂಗ ಜೈಲಿಗೇ ಹೋಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ತಾತ ಎಷ್ಟು ಕಚೇರಿಗಳಲ್ಲಿ ನಿಜ ಹೇಳಿದರೂ, ಅಲ್ಲಿಯವರು ತಾತನೇ ಹಿಂದೆ ಕೊಟ್ಟ ಹೇಳಿಕೆಯನ್ನು ತೆಗೆದು ತೋರಿಸುತ್ತಿದ್ದರಂತೆ.

ಹಾಗಾಗಿ ಅವರ ಕೈಲಿ ಉಳಿದದ್ದು ಬಾಯಿಮಾತು ಒಂದೇ. ಪ್ರತಿ ವರ್ಷ ಧ್ವಜ ಹಾರಿಸಿದ ಮೇಲೆ ಎರಡು ಮಾತು ಹೇಳಿ ಎಂದಾಗ ಅವರು ಮೈಕಿನ ಮುಂದೆ ನಿಂತು, "ಕಂಬ ಹತ್ತಿದೋನು ರಂಗ. ನಾನು ಕೆಳಗೆ ನಿಂತಿದ್ದೆ," ಎಂದು ಹೇಳಿ ಕೂತುಬಿಡುತ್ತಿದ್ದರು. ಅದನ್ನು ಕೇಳಲೆಂದೇ ರಂಗನ ತಂಗಿ ಕೆಂಚಮ್ಮ ಹಗರೆಯಿಂದ ಬಸ್ಸು ಹತ್ತಿ, ಹಳೇಬೀಡು ಜಾವಗಲ್ ದಾಟಿ ಬರುತ್ತಿದ್ದಳು. ಅವಳ ಮಗ ಆಗಲೇ ಬ್ಯಾಂಕಿನ ಕೆಲಸದಲ್ಲಿದ್ದ. "ನಿಂಗೇನವ್ವ ಈ ವಯಸ್ಸಲ್ಲಿ" ಎಂದು ಅವನು ರೇಗಿದರೂ ಅವಳು ಬರುವುದನ್ನು ಬಿಡುತ್ತಿರಲಿಲ್ಲ.

ಆ ವರ್ಷ ಯುಗಾದಿಯ ಹೊತ್ತಿಗೆ ತಾತನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಐವತ್ತನೆಯ ವರ್ಷವೆಂದು ಹೋರಾಟಗಾರರ ಕಿರುಪರಿಚಯವನ್ನು ಮನೆಯ ಮಕ್ಕಳಿಂದಲೇ ಓದಿಸಬೇಕೆಂದು ತೀರ್ಮಾನವಾಗಿ, ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಒಂದು ಹಾಳೆ ಬರೆದುಕೊಟ್ಟರು. ಮನೆಯಲ್ಲಿ ನಾನು ಗಟ್ಟಿಯಾಗಿ ಓದುತ್ತಿದ್ದೆ: "ಶ್ರೀ ಸಿದ್ದಪ್ಪನವರು ಗಂಡಸಿ ಹೋಬಳಿಯ ರೈತ ಕುಟುಂಬದಲ್ಲಿ ಜನಿಸಿದರು. ಓದುತ್ತಿದ್ದಾಗಲೇ ಪ್ರಭಾತಫೇರಿಗಳಲ್ಲಿ ಭಾಗವಹಿಸಿದರು. ಏಕಾಂಗಿಯಾಗಿ ಟೆಲಿಗ್ರಾಫ್ ತಂತಿ ಕತ್ತರಿಸಿ ಸೆರೆವಾಸ ಅನುಭವಿಸಿದರು..."

ತಾತ ಎಡಗೈಯಿಂದ ಮಂಚದ ಪಟ್ಟಿಗೆ ಬಡಿಯತೊಡಗಿದರು. ನಿಲ್ಲಿಸಿದರೆ ನಿಲ್ಲಿಸುತ್ತಿದ್ದರು. ಓದಿದರೆ ಮತ್ತೆ ಬಡಿಯುತ್ತಿದ್ದರು. ಅಜ್ಜಿ ಅಡಿಗೆಮನೆಯಿಂದ ಒದ್ದೆ ಕೈಯಲ್ಲೇ ಬಂದಳು. "ರಂಗ ಇಲ್ಲ ಕಣೇ ಅದ್ರಲ್ಲಿ. ಎಲ್ಲಿ, ನಡಿ ಮೇಷ್ಟ್ರ ಹತ್ರ."

ಮೇಷ್ಟ್ರು ಒಳ್ಳೆಯವರು. "ನಾನ್ ಬೇಡ ಅಂತೀನಾ ಅಮ್ಮಾ? ಆಫೀಸಿನ ದಾಖಲೇಲಿ ಏಕಾಂಗಿ ಅಂತ್ಲೇ ಐತೆ. ಅದನ್ನ ತಿದ್ದಿದ್ರೆ ನನ್ನ ಹಿಡ್ಕೊಂಡು ಕೇಳ್ತಾರೆ."

"ನಮ್ಮೋರ ಬಾಯಿ ಹೋಯ್ತು ಅಂತ ರಂಗನ್ನೂ ಕಳ್ಕೊಂಡ್ಬಿಡ್ತೀರಾ ಮೇಷ್ಟ್ರೇ? ಇಷ್ಟು ವರ್ಸ ಇವರ ಬಾಯಲ್ಲೇ ಇದ್ದ ಅವನು."

ಮೇಷ್ಟ್ರು ಹಾಳೆಯನ್ನು ಇಸಿದುಕೊಂಡು ಮತ್ತೊಮ್ಮೆ ಓದಿದರು. ಆಮೇಲೆ, ಇರುವುದನ್ನು ತಿದ್ದುವುದಿಲ್ಲ, ಬೇಕಿದ್ದರೆ ಒಂದು ಸಾಲು ಸೇರಿಸುತ್ತೇನೆ ಎಂದರು. ಪರಿಚಯ ಬರೆಯುವ ಕ್ರಮವನ್ನು ವಿವರಿಸಿದರು: ಹುಟ್ಟು, ಓದು, ಹೋರಾಟ, ಸೆರೆವಾಸ, ಇವು ಆಗಿಹೋದವು, ಮೊದಲು ಬರುತ್ತವೆ. ಇವತ್ತಿಗೂ ಉಳಿದಿರುವುದು ಕೊನೆಗೆ ಬರುತ್ತದೆ, ಹಾಳೆಯಲ್ಲಿ ಇರುವ ಹಾಗೆ: "ಊರಿಗೆ ಶಾಲೆ ಕಟ್ಟಿಸಿದ್ದಾರೆ. ಹಾಸ್ಟೆಲಿಗೆ ತಮ್ಮ ಜಮೀನು ಬಿಟ್ಟುಕೊಟ್ಟಿದ್ದಾರೆ. ಆ ಜಾಗದಲ್ಲಿ ನೂರಾರು ಮಕ್ಕಳು ಓದಿ ಮುಂದೆ ಬಂದಿದ್ದಾರೆ." ರಂಗನನ್ನು ಹೋರಾಟದ ಸಾಲಿನ ಪಕ್ಕದಲ್ಲೇ ಹಾಕೋಣವೇ ಎಂದು ಅವರು ಕೇಳಿದರು. ಅಜ್ಜಿ ಯೋಚಿಸಿ ಹೇಳಿದಳು: "ಬ್ಯಾಡಿ. ಉಳಿದಿರೋದ್ರಲ್ಲಿ ಹಾಕಿ. ಅವನು ಆಗಿಹೋದೋನಲ್ಲ."

ಮೇಷ್ಟ್ರು ಕೊನೆಯಲ್ಲಿ ಬರೆದರು: "ಇವರೊಡನೆ ಹೋಗಿ ಕಂಬ ಹತ್ತಿದ ಗೆಳೆಯ ರಂಗ ಈ ನಾಡಿಗಾಗಿ ಪ್ರಾಣ ಕೊಟ್ಟಿದ್ದಾರೆ." ಮನೆಗೆ ಬಂದು ಓದಿದೆ. ಏಕಾಂಗಿ ಎಂಬಲ್ಲಿ ತಾತ ಬಡಿದರು. ಕೊನೆಯ ಸಾಲಿಗೆ ಕೈ ಸುಮ್ಮನಾಯಿತು.

ಮೈದಾನದಲ್ಲಿ ತಾತನನ್ನು ಕುರ್ಚಿಸಮೇತ ಎತ್ತಿ ವೇದಿಕೆಯ ಮೇಲೆ ಕೂರಿಸಿದ್ದರು. ಕೆಂಚಮ್ಮ ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಿದ್ದಳು. ಮುಖ್ಯ ಅತಿಥಿ ಬಂದಿರಲಿಲ್ಲ. ಕಾದು ಸಾಕಾಗಿ ನನ್ನನ್ನು ಓದಲು ಹೇಳಿದರು. ಓದಿದೆ. ಶಾಲೆ ಕಟ್ಟಿಸಿದ್ದಾರೆ ಎಂಬಲ್ಲಿ ಚಪ್ಪಾಳೆ ಬಿತ್ತು. ಹಾಸ್ಟೆಲಿನ ಮಕ್ಕಳ ಸಾಲಿಗೆ ಬರುವಾಗ ಗೇಟಿನಲ್ಲಿ ಕಾರುಗಳು ಕಾಣಿಸಿದವು. ಬ್ಯಾಂಡು ಶುರುವಾಯಿತು. ಯಾರೋ ಹಿಂದಿನಿಂದ ಬಂದು ಮೈಕಿನ ಮೇಲೆ ಕೈ ಮುಚ್ಚಿ, "ಸಾಕು ಪುಟ್ಟ, ಸಾಕು, ಚೆನ್ನಾಗಿ ಓದ್ದೆ," ಅಂದರು. "ಇನ್ನೊಂದೇ ಸಾಲು ಸಾರ್" ಅಂದೆ. ಅವರು ಆಗಲೇ ಮೈಕನ್ನು ಎತ್ತಿಕೊಂಡು ಹೋಗಿದ್ದರು. ನಾನು ನಿಂತಲ್ಲೇ ನಿಂತು, ಇದ್ದಷ್ಟು ದನಿಯಲ್ಲಿ ಆ ಸಾಲನ್ನು ಓದಿದೆ. ಡೋಲಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ತಾತ ಎಡಗೈ ಎತ್ತಿದರು. ಕುರ್ಚಿಯ ಕೈ ಬಿಟ್ಟು ಅರ್ಧ ಎದ್ದರು. ಬಾಯಿ ತೆರೆದು ಮುಚ್ಚುತ್ತಿತ್ತು. ಆ ಹೊತ್ತಿಗೆ ಅತಿಥಿ ಮೆಟ್ಟಿಲೇರುತ್ತಿದ್ದರು. "ನೋಡಿ, ಈ ಸ್ಥಿತಿಯಲ್ಲೂ ಹಿರಿಯರು ಎದ್ದು ಗೌರವ ತೋರಿಸ್ತಿದ್ದಾರೆ!" ಎಂದು ಮೈಕು ಕೂಗಿತು. ಮೈದಾನವಿಡೀ ಚಪ್ಪಾಳೆ. ಅತಿಥಿ ಅವರ ಕೊರಳಿಗೆ ಹಾರ ಹಾಕಿ, ಎತ್ತಿದ್ದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

ಆಮೇಲೆ ಕೆಂಚಮ್ಮ ನನ್ನ ಬಳಿ ಬಂದಳು. "ಓದಿದ್ಯೇನವ್ವ ನಮ್ಮಣ್ಣನ ಹೆಸ್ರ? ನಂಗೆ ಕೇಳ್ನಿಲ್ಲ."

"ಓದ್ದೆ ಅಜ್ಜಿ."

"ಹಂಗಾರೆ ಬುಡು. ನನ್ನ ಕಿವೀನೇ ಮಂದ ಆಗೈತೆ. ಮುಂದಿನ ವರ್ಸ ಇನ್ನೊಸಿ ಗಟ್ಟಿಯಾಗಿ ಓದು, ಬತ್ತೀನಿ."

ಮುಂದಿನ ವರ್ಷದ ಹೊತ್ತಿಗೆ ತಾತ ಇರಲಿಲ್ಲ. ಸರ್ಕಾರಿ ಗೌರವ ಸಿಕ್ಕಿತು, ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿದರು, ಅದೇ ಪರಿಚಯವನ್ನು ಕಚೇರಿಯಲ್ಲಿದ್ದ ಪ್ರತಿಯಿಂದ ಓದಿದರು. ಅದು ಹಾಸ್ಟೆಲಿನ ಮಕ್ಕಳಲ್ಲಿಗೆ ಮುಗಿಯಿತು. ಮನೆ ಹೋಗಿ ಅಲ್ಲಿ ಈಗ ಗೋದಾಮು ಎದ್ದಿದೆ. ಕುಣಿಕೆ ಯಾರ ಕೈಗೆ ಹೋಯಿತೋ ತಿಳಿಯಲಿಲ್ಲ. ನಿಮ್ಮ ಮನೆಗಳಲ್ಲೂ ಹೀಗೆ ಒಬ್ಬರ ಬಾಯಿಯಲ್ಲಿ ಮಾತ್ರ ಬದುಕಿದ್ದವರು ಇರಬಹುದು. ಆ ಬಾಯಿ ನಿಂತ ಮೇಲೆ ಅವರು ಎಲ್ಲಿಗೆ ಹೋಗುತ್ತಾರೋ ನಾನು ಕಾಣೆ.

ಅಂದು ನಾನು ಆ ಸಾಲು ಓದಿದ್ದನ್ನು ಕಂಡವರಲ್ಲಿ ಅಜ್ಜಿ ಇಲ್ಲ, ಕೆಂಚಮ್ಮ ಇಲ್ಲ. ಮೇಷ್ಟ್ರು ಜಾವಗಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ, ನೆನಪು ಮಾಸಿದೆ. ಮೈಕ್ ಸೆಟ್ಟಿನ ಬಾಷಾ ಇದ್ದಾರೆ. ನನ್ನ ಕಾಲಬುಡದಲ್ಲಿ ವೈರು ಹಿಡಿದು ಕೂತಿದ್ದವರು ಅವರು. ಸಭೆ ಮುಗಿದ ಮೇಲೆ ವೈರು ಸುತ್ತುತ್ತಾ ಕೇಳಿದ್ದರು: "ಕೊನೇಲಿ ರಂಗ ಅಂದ್ಯಲ್ಲಮ್ಮ, ಯಾರದು?"