ಬಳೆ ಗಾಡಿಯ ಮೇಲೆ ಬಿದ್ದ ಡ್ರೋನ್

ಮಾನ್ವಿಯ ಸಂತೆಬೀದಿಯನ್ನು ಮೇಲಿನಿಂದ ಚಿತ್ರೀಕರಿಸಬೇಕೆಂಬ ಹಟ ನನ್ನದೇ. ನಮ್ಮದು ನಾಲ್ಕೇ ಜನರ ಸಾಕ್ಷ್ಯಚಿತ್ರ ತಂಡ. ರಾಯಚೂರಿನ ಜಿಲ್ಲಾಧಿಕಾರಿ ಕಚೇರಿ, ಮಾನ್ವಿಯ ಪುರಸಭೆ ಎಂದು ಅನುಮತಿಗೆ ಅಲೆದು ಚಪ್ಪಲಿ ಸವೆದಿತ್ತು. ಕೊನೆಗೆ ಠಾಣೆಯ ಸಾಹೇಬರು ಡ್ರೋನಿನ ನೋಂದಣಿ, ಹಾರಿಸುವವನ ಪ್ರಮಾಣಪತ್ರ, ವಿಮೆ ಎಲ್ಲ ನೋಡಿ, 'ಹಾರ್ಸೋಕಿಂತ ಮೊದಲ ಹಗ್ಗ ಕಟ್ರಿ. ಕೆಳಗ ಒಬ್ರೂ ಇರಬಾರದು' ಎಂದರು. ಜನರಿಲ್ಲದ ಸಂತೆಯನ್ನು ಯಾರು ನೋಡುತ್ತಾರೆ ಎಂದು ಹೊರಗೆ ಬಂದು ಗೊಣಗಿದೆ.

ಹಗ್ಗ ಕಟ್ಟಿದೆವು. ಬಳೆ ಮಾರುವ ಹಿರಿಯ ಹೆಂಗಸೊಬ್ಬರು, ಬೀದಿಗೆಲ್ಲ ಅವರು ಖಾಲಾ, ಎಂದರೆ ಚಿಕ್ಕಮ್ಮ, ಗಾಡಿಯನ್ನು ಹಗ್ಗದೊಳಗೇ ಬಿಟ್ಟು ಈಚೆ ಬಂದು ನಮಗೆ ಚಹಾ ತರಿಸಿದರು. ಡ್ರೋನ್ ಏರಿತು. ಎಲ್ಲಿಂದಲೋ ಬಂದ ಹದ್ದೊಂದು ಅದಕ್ಕೆ ಬಡಿಯಿತು. ಡ್ರೋನ್ ಬಂದು ಬಿದ್ದದ್ದು ನೇರ ಖಾಲಾ ಗಾಡಿಯ ಮೇಲೆ. ಪಂಚಮಿಗೆಂದು ತಂದ ಬಳೆಯೆಲ್ಲ ಚೂರುಚೂರು. ಅವರು ಅಲ್ಲೇ ಕೂತಿದ್ದರೆ ಏನಾಗುತ್ತಿತ್ತೋ. ಆ ಸಾಹೇಬರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನಾನು ಪರ್ಸ್ ತೆಗೆದೆ. ಡ್ರೋನ್ ಹಾರಿಸುತ್ತಿದ್ದ ದೇವದುರ್ಗದ ಗೆಳೆಯ ತಡೆದು ವಿಮೆ ಏಜೆಂಟರಿಗೆ ಫೋನ್ ಮಾಡಿದ. ಕಂಪನಿ ಒಪ್ಪುವ ತನಕ ನಾವು ದುಡ್ಡು ಕೊಡುವಂತಿಲ್ಲ, ತಪ್ಪು ನಮ್ಮದೆನ್ನುವಂತೆಯೂ ಇಲ್ಲ, ಹಾಗೆ ಮಾಡಿದರೆ ಪರಿಹಾರಕ್ಕೇ ಕುತ್ತು ಬರಬಹುದು ಎಂದರಂತೆ. ನಷ್ಟವಾದವರೇ ನಮ್ಮ ಮೇಲೆ ದೂರು ಬರೆದುಕೊಡಬೇಕಂತೆ. ಕಾಲು ತಾಕಿದರೂ ಮುಟ್ಟಿ ನಮಸ್ಕರಿಸುವ ಊರಿನಲ್ಲಿ ಹುಟ್ಟಿದವಳು ನಾನು. ಹಬ್ಬದ ಬಂಡವಾಳ ಕಳೆದುಕೊಂಡ ಆ ಜೀವದ ಎದುರು ಬಾಯಿ ಹೊಲಿದುಕೊಂಡು ನಿಂತೆ. ಅಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಖಾಲಾ ಬರೆದುಕೊಡಲು ಒಪ್ಪಲೇ ಇಲ್ಲ. 'ನನ್ನ ಚಾ ಕುಡದ ಮಂದಿ ಮ್ಯಾಲ ಹ್ಯಾಂಗ ಕಂಪ್ಲೇಂಟ್ ಕೊಡ್ಲಿ? ಹದ್ದಿನ ಮ್ಯಾಲ ಬರಕೋರಿ.'

ಗೆಳೆಯ ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. 'ಖಾಲಾ, ಈ ವಿಮಾ ಡ್ರೋನಿಗಲ್ಲ. ಅದು ಮುರದದ್ದಕ್ಕ ನಮಗೇನೂ ಬರಂಗಿಲ್ಲ. ನಮ್ಮಿಂದ ಲುಕ್ಸಾನ ಆದವ್ರಿಗಂತ ಕಟ್ಟಿದ್ದು. ನಿಮಗಂತನ ಕಟ್ಟಿದ್ದು.'

'ನಾ ಯಾರಂತ ನಿಮಗ ಗೊತ್ತ ಇರಲಿಲ್ಲ.'

'ಇರಲಿಲ್ರಿ. ಆದ್ರೂ ನಿಮಗಂತನ.'

ಖಾಲಾ ಅವನ ಮುಖವನ್ನೇ ನೋಡಿದರು. 'ಹಂಗಾದ್ರ ಬರೀರಿ' ಎಂದು ಸಹಿಗೆ ಕೈ ಚಾಚಿದರು.

ಠಾಣೆಗೆ ತಿಳಿಸಿದೆವು, ಕಂಪನಿಯ ಸರ್ವೇಯರ್ ಬಂದು ನಷ್ಟವೆಷ್ಟೆಂದು ನೋಡಿ ಹೋದರು. ಹಣ ಬರುವಷ್ಟರಲ್ಲಿ ಪಂಚಮಿ ಮುಗಿದಿತ್ತು. ಆ ತನಕ ಪಕ್ಕದ ಅಂಗಡಿಯವರು ತಮ್ಮ ಮಾಲನ್ನೇ ಖಾಲಾ ಗಾಡಿಗೆ ಹಾಕಿ ಹಬ್ಬದ ವ್ಯಾಪಾರ ಮಾಡಿಸಿದ್ದರು. ಅವರೆಲ್ಲರ ಋಣ ನನ್ನ ಮೇಲಿದೆ.

ಹಣ ಖಾಲಾ ಕೈ ಸೇರಿದ ಮರುದಿನವೇ ಮಾನ್ವಿಗೆ ಹೋದೆ. ಈಗ ನನ್ನನ್ನು ತಡೆಯುವವರಿರಲಿಲ್ಲ. 'ನಮ್ಮಿಂದ ತಪ್ಪಾತು ಖಾಲಾ' ಎಂದೆ.

'ಅದನ್ನ ಅವತ್ತ ಹೇಳೀದಿ ಯವ್ವಾ' ಎಂದರು. 'ಬಾಯಿ ಬಿಟ್ಟಿರಲಿಲ್ಲ, ಅಷ್ಟ.'