ಅರ್ಧ ಊಟಕ್ಕೆ ಸೋತ ದವಡೆ

ಮದುವೆಯಾಗಿ ಕುಂಬ್ರಕ್ಕೆ ಬಂದ ಎರಡನೇ ವರ್ಷ ನನಗೆ ಅನ್ನ ಜಗಿಯುವುದು ಕಷ್ಟವಾಗತೊಡಗಿತು. ಹಲ್ಲುನೋವಲ್ಲ, ಗಂಟಲುನೋವೂ ಅಲ್ಲ. ಮೊದಲ ತುತ್ತುಗಳು ಎಲ್ಲರ ಹಾಗೆಯೇ ಇಳಿಯುತ್ತಿದ್ದವು. ಊಟ ಅರ್ಧಕ್ಕೆ ಬರುವಾಗ ದವಡೆ ಸೋಲುತ್ತಿತ್ತು. ನಮ್ಮ ಕಡೆಯ ಕುಚ್ಚಲಕ್ಕಿ ಅನ್ನಕ್ಕೆ ಜಗಿತ ಬೇಕು. ಎಡಗೈಯಿಂದ ಗದ್ದವನ್ನು ಮೇಲಕ್ಕೆ ಒತ್ತಿ ಹಿಡಿದು, ಹೇಗೋ ಒಂದಿಷ್ಟು ನುಂಗಿ, ಉಳಿದದ್ದನ್ನು ಯಾರಿಗೂ ಕಾಣದ ಹಾಗೆ ದನದ ಬಕೆಟಿಗೆ ಹಾಕುತ್ತಿದ್ದೆ.

ಗಂಡನಿಗೆ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿ ಇತ್ತು. ಅವರು ಹೊಲಿದ ರವಿಕೆ, ಅಂಗಿಗಳಿಗೆ ಹುಕ್ಕು, ಗುಂಡಿ ಹಾಕುವ ಕೆಲಸ ನನ್ನದು. ಬೆಳಿಗ್ಗೆ ಸಲೀಸಾಗಿ ಮಾಡುತ್ತಿದ್ದೆ. ಮಧ್ಯಾಹ್ನ ದಾಟಿದರೆ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು. ಯಾವುದರ ಕಣ್ಣಿಗೆ ನೂಲು ಪೋಣಿಸುವುದೆಂದು ತಿಳಿಯದೆ ಸುಮ್ಮನೆ ಕೂರುತ್ತಿದ್ದೆ. ಒಂದು ಕಣ್ಣು ಮುಚ್ಚಿದರೆ ಮತ್ತೆ ಒಂದೇ ಸೂಜಿ. ಹಾಗೆ ಒಕ್ಕಣ್ಣಿನಲ್ಲಿ ಹೊಲಿಯುವುದನ್ನು ಕಲಿತೆ. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನನ್ನು? ಒಂದು ನಿದ್ದೆ ಮಾಡಿ ಎದ್ದರೆ ಎಲ್ಲವೂ ಸರಿಯಾಗಿರುತ್ತಿತ್ತು.

ಗಮನಿಸಿದವರು ಅತ್ತೆ. ಒಂದು ಸಂಜೆ ನಾನು ಮಾತಾಡುತ್ತಿದ್ದಾಗ ಅವರು ನನ್ನ ಮುಖವನ್ನೇ ನೋಡಿದರು.

"ನಿನ್ನ ಸ್ವರ ಎಂತ ಹೀಗೆ? ಮೂಗಿಂದ ಬರ್ತಾ ಉಂಟು. ಶೀತ ಆಗಿದ್ಯಾ?"

"ಇಲ್ಲ ಅತ್ತೆ."

"ಬೆಳಿಗ್ಗೆ ಸರಿ ಇತ್ತಲ್ಲ ಮಾರಾಯ್ತಿ. ನಗು ನೋಡುವ ಒಮ್ಮೆ."

ನಕ್ಕೆ. ನಾನು ನಕ್ಕದ್ದು ಅವರಿಗೆ ಹಲ್ಲು ಕಿರಿದ ಹಾಗೆ ಕಂಡಿತಂತೆ. ತುಟಿಯ ಕೊನೆಗಳು ಮೇಲಕ್ಕೆ ಏಳಲೇ ಇಲ್ಲ. ಅತ್ತೆ ಆ ದಿನವೇ ಮಗನಿಗೆ ಹೇಳಿದರು: "ಇವಳನ್ನು ಪುತ್ತೂರಿಗೆ ಕರ್ಕೊಂಡು ಹೋಗು. ಇದು ಬರೀ ಸುಸ್ತಲ್ಲ."

ಪುತ್ತೂರಿನಲ್ಲಿ ಮದರಾಸಿನಲ್ಲಿ ಓದಿ ಬಂದ ಒಬ್ಬ ಡಾಕ್ಟರು ಆಗಷ್ಟೇ ಕ್ಲಿನಿಕ್ ತೆರೆದಿದ್ದರು. ಮರುದಿನ ಮೊದಲ ಬಸ್ಸಿಗೇ ಹೋದೆವು. ಅವರು ಕೈ ಹಿಡಿದು ಒತ್ತಿಸಿದರು, ಮೊಣಕಾಲಿಗೆ ತಟ್ಟಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಎಲ್ಲವೂ ಸರಿಯಾಗಿತ್ತು. ಬೆಳಗಿನ ಹೊತ್ತು ನಾನು ಯಾರಿಗೂ ಕಡಿಮೆಯಿಲ್ಲದ ಗಟ್ಟಿ ಹೆಂಗಸು. ರಕ್ತ ಕಡಿಮೆ ಇರಬಹುದೆಂದು ಟಾನಿಕ್ ಬರೆದುಕೊಟ್ಟರು. ಬಾಟಲಿ ಮುಗಿಯಿತು. ದವಡೆ ಸೋಲುವುದು ನಿಲ್ಲಲಿಲ್ಲ. ನೀರು ಕುಡಿದರೆ ಕೆಲವೊಮ್ಮೆ ಮೂಗಿನಿಂದ ಬರತೊಡಗಿತು. ತಲೆ ಬಾಚುವಾಗ ಕೈ ಎತ್ತಿ ಹಿಡಿಯಲಾರದೆ, ಜಡೆಯನ್ನು ಅರ್ಧಕ್ಕೆ ಬಿಟ್ಟು ಕೈ ಇಳಿಸಿ, ಸ್ವಲ್ಪ ಕೂತು, ಮತ್ತೆ ಹೆಣೆಯುತ್ತಿದ್ದೆ. ಕೊನೆಗೆ ಅತ್ತೆಯೇ ಹೆಣೆದು ಕೊಡತೊಡಗಿದರು.

ಎರಡನೇ ಸಲ ಅವರೂ ಜೊತೆಗೆ ಬಂದರು. "ಈ ಸಲ ಸಂಜೆಗೆ ಹೋಗುವ," ಅಂದರು. "ಬೆಳಿಗ್ಗೆ ಇವಳಿಗೆ ಎಂತ ರೋಗವೂ ಇಲ್ಲ. ಇಲ್ಲದ್ದನ್ನು ಡಾಕ್ಟ್ರು ಹೇಗೆ ಕಾಣುದು?"

ಕ್ಲಿನಿಕ್ಕಿನಲ್ಲಿ ಅತ್ತೆ ಇದನ್ನೇ ಹೇಳಿದಾಗ ಡಾಕ್ಟರ ಮುಖದಲ್ಲಿ ಒಂದು ಬದಲಾವಣೆ ಆಯಿತು. ಪೆನ್ನು ಕೆಳಗಿಟ್ಟರು.

"ವಿಶ್ರಾಂತಿ ತಗೊಂಡರೆ ಸರಿ ಆಗ್ತದಾ?"

"ಆಗ್ತದೆ," ಎಂದೆ ನಾನು. "ಮತ್ತೆ ಕೆಲಸ ಮಾಡಿದರೆ ಪುನಃ ಹೋಗ್ತದೆ."

ತಲೆ ಅಲ್ಲಾಡಿಸದೆ ಮೇಲೆ ಮಾಡಿನ ಹಂಚಿನ ಕಡೆ ದೃಷ್ಟಿಯಿಟ್ಟು ನೋಡುತ್ತಲೇ ಇರಲು ಹೇಳಿದರು. ಸ್ವಲ್ಪ ಹೊತ್ತಿಗೆ ನನ್ನ ಎಡಗಣ್ಣಿನ ರೆಪ್ಪೆ ಇಳಿಯತೊಡಗಿತು, ಆಮೇಲೆ ಬಲಗಣ್ಣಿನದು. ಎತ್ತಲು ಹಣೆಯನ್ನೆಲ್ಲ ಸುಕ್ಕು ಮಾಡಿದೆ, ಏಳಲಿಲ್ಲ. ಕಣ್ಣು ಮುಚ್ಚಿ ಕೂರಿಸಿದರು. ಮತ್ತೆ ತೆರೆದಾಗ ರೆಪ್ಪೆ ಮೇಲೆಯೇ ಇತ್ತು. ಒಂದರಿಂದ ಗಟ್ಟಿಯಾಗಿ ಎಣಿಸಲು ಹೇಳಿದರು. ಎಣಿಸುತ್ತ ಹೋದ ಹಾಗೆ ಸ್ವರ ಮೂಗಿಗೆ ಏರಿತು, ಆಮೇಲೆ ಮಾತು ಕಲಸಿಹೋಯಿತು.

"ಒಂದು ಇಂಜೆಕ್ಷನ್ ಕೊಟ್ಟು ನೋಡುವ," ಎಂದರು. "ನನ್ನ ಊಹೆ ಸರಿಯಾದರೆ ಇಲ್ಲೇ ಗೊತ್ತಾಗ್ತದೆ."

ತೋಳಿಗೆ ಚುಚ್ಚಿ, ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಬೇರೆ ರೋಗಿಗಳನ್ನು ನೋಡಲು ಹೋದರು. ಹೊಟ್ಟೆಯಲ್ಲಿ ಸ್ವಲ್ಪ ಗುಡುಗುಡು ಅನ್ನಿಸಿತು. ಮತ್ತೆ ಸ್ವಲ್ಪ ಹೊತ್ತಿಗೆ ಎದುರಿನ ಗೋಡೆಯ ಎರಡು ಕ್ಯಾಲೆಂಡರುಗಳು ಹತ್ತಿರ ಬಂದು ಒಂದಾದವು. ನಾನು ತಿರುಗಿ ಅತ್ತೆಯನ್ನು ನೋಡಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು.

"ಅತ್ತೆ, ಎಂತಾಯ್ತು?"

"ನೀನು ನಗ್ತಾ ಇದ್ದಿ ಮಗಳೇ," ಅಂದರು.

ಮಯಾಸ್ತೇನಿಯಾ ಎಂಬ ಹೆಸರನ್ನು ಅಂದು ಮೊದಲ ಸಲ ಕೇಳಿದೆ. ಡಾಕ್ಟರು ಅದನ್ನು ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ನರವೂ ಸ್ನಾಯುವೂ ಒಂದಕ್ಕೊಂದು ಅಂಟಿಕೊಂಡಿಲ್ಲವಂತೆ, ನಡುವೆ ಕಣ್ಣಿಗೆ ಕಾಣದ ಒಂದು ಸಂದು ಉಂಟಂತೆ. ನರದ ತುದಿ ಒಂದು ರಸವನ್ನು ಆ ಸಂದಿಗೆ ಬಿಡುತ್ತದೆ, ಸ್ನಾಯು ಅದನ್ನು ಹಿಡಿದುಕೊಂಡು ಬಿಗಿಯಾಗುತ್ತದೆ.

"ನಿಮ್ಮ ಊರಲ್ಲಿ ತೋಡಿನ ಆಚೆ ದಡದಲ್ಲಿ ಇರುವವರನ್ನು ಹೇಗೆ ಕರೆಯುದು?" ಎಂದು ಕೇಳಿದರು.

"ಕೂ ಹಾಕುದು."

"ಒಂದರ ಹಿಂದೆ ಒಂದು ಕೂ ಹಾಕ್ತಾ ಹೋದರೆ?"

"ಗಂಟಲು ಬೀಳ್ತದೆ. ಸ್ವರ ಸಣ್ಣ ಆಗ್ತದೆ."

"ನರವೂ ಹಾಗೆಯೇ. ಎಡೆಬಿಡದೆ ಕೆಲಸ ಕೊಟ್ಟರೆ ಪ್ರತಿ ಸಲ ಬಿಡುವ ರಸ ಸ್ವಲ್ಪ ಸ್ವಲ್ಪ ಕಡಿಮೆ ಆಗ್ತದೆ. ಅದು ಎಲ್ಲರಿಗೂ ಉಂಟು, ನನಗೂ ಉಂಟು. ಆದರೆ ಆಚೆಯವನ ಕಿವಿ ಚುರುಕು ಇದ್ದರೆ ಸಣ್ಣ ಕೂ ಕೂಡ ಕೇಳ್ತದೆ, ಹಾಗಾಗಿ ನಮಗೆ ವ್ಯತ್ಯಾಸವೇ ಗೊತ್ತಾಗುದಿಲ್ಲ. ನಿಮ್ಮ ಸ್ನಾಯುವಿನ ಕಿವಿ ಮಂದ ಆಗಿದೆ. ಮೊದಲಿನ ದೊಡ್ಡ ಕೂ ಕಷ್ಟದಲ್ಲಿ ಕೇಳ್ತದೆ, ಮತ್ತಿನದ್ದು ಕೇಳುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ನರಕ್ಕೆ ಮತ್ತೆ ಉಸಿರು ತುಂಬ್ತದೆ."

"ಮದ್ದು ಎಂತ ಮಾಡುದು?" ಎಂದು ಗಂಡ ಕೇಳಿದರು.

"ಬಿಟ್ಟ ರಸವನ್ನು ಒಡೆದು ಹಾಕುವ ವಸ್ತುವೊಂದು ಆ ಸಂದಿಯಲ್ಲಿ ಉಂಟು. ಮದ್ದು ಅದನ್ನು ತಡೆಯುತ್ತದೆ. ರಸ ಸ್ವಲ್ಪ ಹೆಚ್ಚು ಹೊತ್ತು ನಿಲ್ತದೆ. ಕಿವಿ ಸರಿ ಮಾಡುದಿಲ್ಲ ಅದು."

ಕಿವಿ ಏಕೆ ಮಂದವಾಯಿತು ಎಂದು ಕೇಳಿದಾಗ, ಡಾಕ್ಟರು "ಗೊತ್ತಿಲ್ಲ" ಎಂದು ನೇರವಾಗಿ ಹೇಳಿದರು. ನೆತ್ತರಿನಲ್ಲಿ ಏನೋ ಇರಬೇಕೆಂದು ಕೆಲವು ಡಾಕ್ಟರುಗಳು ಬರೆಯುತ್ತಿದ್ದಾರಂತೆ. ಎಷ್ಟೋ ವರ್ಷಗಳ ನಂತರ ಅದಕ್ಕೆ ಉತ್ತರ ಸಿಕ್ಕಿದ್ದನ್ನು ನಾನೂ ತಿಳಿದೆ: ರೋಗಾಣುಗಳ ವಿರುದ್ಧ ಕಾದಾಡಬೇಕಾದ ದೇಹದ ಕಾವಲುಪಡೆ ತಪ್ಪಿ ಸ್ನಾಯುವಿನ ಆ ಕಿವಿಗಳನ್ನೇ ಹಾಳುಮಾಡುತ್ತದೆ.

ಗುಳಿಗೆ ಮಂಗಳೂರಿನಿಂದ ತರಿಸಬೇಕಾಗಿತ್ತು. ಊಟಕ್ಕೆ ಸ್ವಲ್ಪ ಮೊದಲು ನುಂಗಿದರೆ ಊಟ ಮುಗಿಯುವ ತನಕ ದವಡೆ ನಿಲ್ಲುತ್ತಿತ್ತು. ಹೆಚ್ಚು ನುಂಗಿದರೂ ಬಲ ಹೋಗುತ್ತದೆ, ಚಳಿಜ್ವರ ಬಂದರೆ ಯಾರು ಕೊಟ್ಟರೂ ಕ್ವಿನೈನ್ ಮುಟ್ಟಬೇಡಿ, ಉಸಿರು ಕಟ್ಟಿದ ಹಾಗಾದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅತ್ತೆ ಸಿಕ್ಕಿದವರಿಗೆಲ್ಲ ಹೇಳಿದರು, ತನಗೇ ಮರೆಯದಿರಲಿ ಎಂದು. ನಮ್ಮ ಮನೆಯ ದಿನಚರಿ ಬದಲಾಯಿತು. ಹೊಲಿಗೆ ಬೆಳಿಗ್ಗೆಗೆ, ಮಧ್ಯಾಹ್ನ ನಿದ್ದೆ, ಸಂಜೆ ಮೆತ್ತಗಿನ ಗಂಜಿ. ಮನೆಗೆ ಬಂದ ನೆಂಟರೊಬ್ಬರು "ಸೊಸೆ ಮಲಗಿದ್ದಾಳಾ, ಹಗಲಿಗೆ?" ಎಂದಾಗ ಅತ್ತೆ "ಅದು ಅವಳ ಮದ್ದು" ಎಂದರು.

ಮತ್ತೊಂದು ವರ್ಷಕ್ಕೆ ನಾನು ಬಸುರಿಯಾದೆ. ಮೊದಲ ತಿಂಗಳುಗಳಲ್ಲಿ ಕತ್ತು ಕೂಡ ನಿಲ್ಲದಷ್ಟು ಸೋತೆ. ಐವರ್ನಾಡಿನ ತವರಿಗೆ ಹೋಗಿ ಅಮ್ಮನ ಕೈಯಿಂದ ಉಂಡು ಮಲಗಿದೆ. ಬರಬರುತ್ತ ಸುಧಾರಿಸಿತು. ಹೆರಿಗೆ ಮನೆಯಲ್ಲಿ ಬೇಡ, ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು ಎಂದು ಪುತ್ತೂರಿನ ಡಾಕ್ಟರು ಪಟ್ಟು ಹಿಡಿದರು.

ಅಲ್ಲಿಯ ಲೇಡಿ ಡಾಕ್ಟರು ಮೊದಲೇ ಧೈರ್ಯ ಹೇಳಿದ್ದರು. ಗರ್ಭಕೋಶದ ಸ್ನಾಯುವಿನ ಜಾತಿಯೇ ಬೇರೆ, ಈ ರೋಗ ಅದನ್ನು ಮುಟ್ಟುವುದಿಲ್ಲ, ನೋವು ಸರಿಯಾಗಿಯೇ ಬರುತ್ತದೆ, ಆದರೆ ಕೊನೆಗೆ ತಿಣುಕುವುದು ನಿಮ್ಮ ಹೊಟ್ಟೆಯ ಸ್ನಾಯುಗಳು, ಅವು ಸೋತರೆ ನಾವಿದ್ದೇವೆ ಎಂದು. ಹಾಗೆಯೇ ಆಯಿತು. ಮೊದಮೊದಲು ತಿಣುಕಿದೆ, ಆಮೇಲೆ ಆಗಲಿಲ್ಲ. ಇಕ್ಕಳ ಹಾಕಿ ಮಗುವನ್ನು ತೆಗೆದರು. ಹೆಣ್ಣು.

ಅವಳು ಅತ್ತದ್ದು ನನಗೆ ಕೇಳಲೇ ಇಲ್ಲ. ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸ್ವರ. ಮರುದಿನ ಎದೆಗೆ ಹಿಡಿದಾಗ ಎರಡು ಮೂರು ಸಲ ಚೆನ್ನಾಗಿ ಚೀಪಿದಳು. ಆಮೇಲೆ ಬಾಯಿ ಸಡಿಲಾಯಿತು. ಹಾಲು ಮೂಗಿನಿಂದ ಬಂತು. ಸ್ವಲ್ಪ ಹೊತ್ತು ಬಿಟ್ಟು ಹಿಡಿದರೆ ಮತ್ತೆ ಅದೇ: ಆರಂಭ ಸರಿ, ಮುಂದೆ ಸೋಲು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ನರ್ಸ್ ಸಮಾಧಾನ ಮಾಡಿದರು: "ಕೆಲವು ಮಕ್ಕಳು ಮೊದಲು ಸೋಮಾರಿ."

"ಸೋಮಾರಿ ಅಲ್ಲ ಸಿಸ್ಟರ್," ಎಂದೆ. "ಇದು ನನ್ನದೇ. ಡಾಕ್ಟರನ್ನು ಕರೀರಿ."

ನನ್ನ ಜೀವನದಲ್ಲಿ ಅಂಥ ಹೆದರಿಕೆ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ನನ್ನ ರೋಗವನ್ನು ನಾನು ಸಹಿಸಿಕೊಂಡಿದ್ದೆ. ಆ ಅಂಗೈಯಗಲದ ಮುಖದಲ್ಲಿ ಅದನ್ನು ನೋಡಲು ನನ್ನಿಂದಾಗಲಿಲ್ಲ.

ಲೇಡಿ ಡಾಕ್ಟರು ಬಂದು ಮಗುವನ್ನು ತುಂಬ ಹೊತ್ತು ನೋಡಿದರು. ತೀರ ಸಣ್ಣ ಪ್ರಮಾಣದಲ್ಲಿ, ನನಗೆ ಕೊಡುತ್ತಿದ್ದ ಅದೇ ಮದ್ದನ್ನು ಚುಚ್ಚಿದರು. ಕಾದೆವು. ಮಗು ಮೊದಲು ಹಣೆ ಸುಕ್ಕು ಮಾಡಿತು. ಆಮೇಲೆ ಬಾಯಿ ತೆರೆದು ಅತ್ತಿತು, ವಾರ್ಡಿನ ಕೊನೆಯ ಮಂಚದವರು ತಿರುಗಿ ನೋಡುವಷ್ಟು.

"ಹಾಗಾದರೆ ಇವಳಿಗೂ ಜನ್ಮ ಪೂರ್ತಿ?" ಎಂದು ಕೇಳಿದೆ.

"ಇಲ್ಲಮ್ಮ. ಇದು ಅವಳದ್ದಲ್ಲ. ನಿಮ್ಮ ನೆತ್ತರಿನಲ್ಲಿ ಇರುವ ಎಂತದೋ ಅವಳು ಹೊಟ್ಟೆಯಲ್ಲಿ ಇರುವಾಗಲೇ ಅವಳಿಗೆ ದಾಟಿದೆ. ಅವಳ ಮೈ ಅದನ್ನು ಹೊಸದಾಗಿ ಮಾಡುದಿಲ್ಲ. ಇದ್ದದ್ದು ಖಾಲಿಯಾದ ಹಾಗೆ ಸರಿ ಆಗ್ತದೆ. ಕೆಲವು ವಾರ ಬೇಕು. ಅಷ್ಟು ದಿನ ನಾವು ಉಸಿರು ನೋಡಿಕೊಳ್ಳಬೇಕು, ಹಾಲು ಹೊಟ್ಟೆಗೆ ಸೇರಿಸಬೇಕು, ಅಷ್ಟೇ."

ನಂಬಲು ಕಷ್ಟವಾಯಿತು. ಆದರೂ ನಂಬಿದೆ. ಮೊದಲ ದಿನಗಳಲ್ಲಿ ಮೂಗಿನಿಂದ ಇಳಿಸಿದ ಸಣ್ಣ ಕೊಳವೆಯಲ್ಲಿ ನನ್ನ ಹಾಲು ಹೋಯಿತು. ಆಮೇಲೆ ಚುಚ್ಚುಮದ್ದು ಕೊಟ್ಟು, ಅದು ಹಿಡಿಯುವ ತನಕ ಕಾದು, ಎದೆಗೆ ಹಿಡಿಯುತ್ತಿದ್ದೆವು. ಅವಳು ಸೋತಾಗ ಒತ್ತಾಯ ಮಾಡುತ್ತಿರಲಿಲ್ಲ. ತೋಳಿನಲ್ಲಿ ಹಾಗೇ ಇಟ್ಟುಕೊಂಡು, ಅವಳಿಗೆ ಬಲ ಕೂಡಿದ ಮೇಲೆ ಮತ್ತೆ ಕೊಡುತ್ತಿದ್ದೆ. ಉಳಿದ ತಾಯಂದಿರಿಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ನನಗೆ ಮಾತ್ರ ಅವಳು ಯಾವಾಗ ಸೋಲುತ್ತಾಳೆ, ಯಾವಾಗ ತಯಾರಾಗುತ್ತಾಳೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಕೈ ಸೋತಾಗ ಅತ್ತೆ ಅವಳ ತಲೆಗೆ ಆಸರೆ ಹಿಡಿಯುತ್ತಿದ್ದರು.

ವಾರಗಳು ಕಳೆದಂತೆ ಮದ್ದು ಕಡಿಮೆಯಾಯಿತು. ಒಂದು ದಿನ ಲೇಡಿ ಡಾಕ್ಟರು "ಇವತ್ತು ಕೊಡದೆ ನೋಡುವ" ಎಂದರು. ನಾನು ಎದೆಗೆ ಹಿಡಿದೆ. ಮಗು ಚೀಪಿತು, ಚೀಪುತ್ತಲೇ ಇತ್ತು, ಹೊಟ್ಟೆ ತುಂಬಿ ತಾನಾಗಿ ಬಾಯಿ ಬಿಟ್ಟಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ.

ಊರಿಗೆ ಹೋಗುವ ದಾರಿಯಲ್ಲಿ ಪುತ್ತೂರಿನಲ್ಲಿ ಇಳಿದು ಡಾಕ್ಟರಿಗೆ ಮಗುವನ್ನು ತೋರಿಸಿದೆವು. ಅವರು ಬೆರಳು ಕೊಟ್ಟಾಗ ಬಿಗಿಯಾಗಿ ಹಿಡಿದುಕೊಂಡಳು, ಬಿಡಿಸಲು ಹೋದರೆ ರಂಪ ಮಾಡಿದಳು. ಡಾಕ್ಟರು ಗಡಿಯಾರ ನೋಡಿ, ಇನ್ನೂ ಇಷ್ಟು ರೋಗಿಗಳಿದ್ದಾರೆ ಎಂದು ಹೊರಗೆ ತೋರಿಸಿದರು. ಆದರೆ ಬೆರಳು ಎಳೆದುಕೊಳ್ಳಲಿಲ್ಲ.

"ಇವಳ ಅಪ್ಪ ಹೊಲಿಗೆಯವರಲ್ಲವಾ," ಎಂದರು, "ಒಂದು ಅಂಗಿ ಹೊಲಿಸಿ. ಮುಂದಿನ ತಿಂಗಳು ಬರುವಾಗ ಈ ಆಸ್ಪತ್ರೆ ಬಟ್ಟೆ ಬೇಡ."

ನಾನು ಮಧ್ಯಾಹ್ನದ ಗುಳಿಗೆ ನುಂಗಿದೆ. ಗಂಡ ಹೋಟೆಲಿನಿಂದ ಇಡ್ಲಿ ತಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಕೂತು ನಿಧಾನವಾಗಿ ಎಲ್ಲ ತಿಂದೆ.