ಬ್ಯಾಡಗಿಗೆ ಬರೆದ ಕ್ಷಮಾಪಣೆ

ರಾಣೆಬೆನ್ನೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಣ್ಣನ ಇಂಟರ್‌ನೆಟ್ ಕಂಪನಿ. ಅಲ್ಲಿ ಬೈಗುಳ ತಿನ್ನುವ ಕೆಲಸ, ಅಂದರೆ ಫೋನು ಎತ್ತುವ ಕೆಲಸ ನನ್ನದು. ಎರಡು ಸಾವಿರದ ದಶಕ ಮುಗಿಯುತ್ತಿದ್ದಾಗಿನ ಒಂದು ಮಳೆಗಾಲದಲ್ಲಿ, ಬ್ಯಾಡಗಿಯ ಟವರಿನ ಮೇಲೆ ನಮ್ಮ ಸಿಗ್ನಲ್ ಹಿಡಿಯುತ್ತಿದ್ದ ಪೆಟ್ಟಿಗೆ, ನಮ್ಮ ಭಾಷೆಯಲ್ಲಿ ರೇಡಿಯೊ, ಸಿಡಿಲಿಗೆ ಸುಟ್ಟಿತು. ಆ ಊರಿನ ನಮ್ಮ ಗಿರಾಕಿಗಳಿಗೆಲ್ಲ ಇಂಟರ್‌ನೆಟ್ ಹೋಯಿತು. ಬೆಂಗಳೂರಿನಿಂದ ಹೊಸ ರೇಡಿಯೊ ಬರುವಷ್ಟರಲ್ಲಿ ವಾರ ದಾಟಿತ್ತು.

ಲೈನು ಬಂದ ದಿನವೇ ಅಲ್ಲಿನ ಮೆಣಸಿನಕಾಯಿ ದಲಾಲರೊಬ್ಬರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು: “ಏನಾಗಿತ್ತು ಅಂತ ಬರದ ಕೊಡ್ರಿ. ಓದಿ ನೋಡಿ, ಇರೂದೋ ಬಿಡೂದೋ ನಮ್ಮ ಓಣ್ಯಾವ್ರೆಲ್ಲಾ ಮಾತಾಡ್ತೇವಿ.” ಆ ಓಣಿ ಬಿಟ್ಟುಹೋದರೆ ಅಣ್ಣ ಕಂಪನಿಗೆ ಬೀಗ ಹಾಕಬೇಕಿತ್ತು.

ಅಣ್ಣ ಒಂದು ಪುಟ ತುಂಬ ಬರೆದ. ಪ್ರಕೃತಿ ವಿಕೋಪ, ವಿದ್ಯುತ್ ವ್ಯತ್ಯಯ, ಕೊರಿಯರಿನವರ ವಿಳಂಬ, ನಮ್ಮ ನಿಯಂತ್ರಣ ಮೀರಿದ ತಾಂತ್ರಿಕ ಕಾರಣಗಳು. ಕೊನೆಗೆ, ‘ಆಗಿರಬಹುದಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.’

ನನಗೆ ಪಿತ್ತ ನೆತ್ತಿಗೇರಿತು. “ಆಗಿರಬಹುದಾದ? ಬೈಸಿಕೊಂಡಾಕಿ ನಾ! ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದ್ಲಂತ. ಸಿಡಿಲು ಬಡೀತು, ಖರೇ. ಇಂಥಾದಕ್ಕಂತನ ಇಟ್ಟಿದ್ದ ಸ್ಪೇರ್ ರೇಡಿಯೊ ಎಲ್ಲಿ ಹೋತು?”

ಅಣ್ಣ ತಲೆ ತಗ್ಗಿಸಿದ. “ಅದ ದಲಾಲರ ಮಾಳಿಗಿ ಮ್ಯಾಲೈತಿ. ಹೊಸಾ ಕನೆಕ್ಷನ್ ಲಗೂ ಕೊಡ್ರಿ ಅಂತ ಗಂಟು ಬಿದ್ದಿದ್ರು, ಅದನ್ನ ಹಾಕಿಬಿಟ್ಟೆ.”

ಅಂದರೆ ಟವರು ಸತ್ತ ಮೇಲೆ ಆ ರೇಡಿಯೊ ವಾರವಿಡೀ ಅವರ ಮಾಳಿಗೆಯ ಮೇಲೆ ದಂಡಕ್ಕೆ ಕೂತಿತ್ತು!

“ಬಿಚ್ಚಿಕೊಂಡ ಬರಬೇಕಿತ್ತಲ್ಲೋ ಅಣ್ಣಾ?”

“ಕೊಟ್ಟಿದ್ದನ್ನ ಹೆಂಗ ವಾಪಸ್ ಕೇಳ್ಲಿ? ನಾಚಿಕಿ ಬಂತು.”

ಆಮೇಲೆ ಅವನೇ ಆ ಹಾಳೆ ಹರಿದು, ಹೊಸದರಲ್ಲಿ ಬರೆದ:

‘ಸಿಡಿಲಿಗೆ ಟವರಿನ ರೇಡಿಯೊ ಸುಟ್ಟಿತು. ಬದಲಿಗೆಂದು ಇಟ್ಟಿದ್ದ ರೇಡಿಯೊವನ್ನು ನಾನು ದಲಾಲರ ಹೊಸ ಸಂಪರ್ಕಕ್ಕೆ ಹಾಕಿಬಿಟ್ಟಿದ್ದೆ. ವಾಪಸು ಕೇಳಲು ನಾಚಿ ನಿಮ್ಮೆಲ್ಲರನ್ನೂ ಕಾಯಿಸಿದೆ. ತಪ್ಪು ನನ್ನದು, ಅವರದಲ್ಲ. ಇಂಟರ್‌ನೆಟ್ ಇಲ್ಲದ ದಿನಗಳ ಹಣವನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇನೆ. ಇನ್ನೊಂದು ರೇಡಿಯೊ ತರಿಸಿ ಟವರಿನ ಹತ್ತಿರವೇ ಇಡುತ್ತೇನೆ. ಕ್ಷಮಿಸಿ.’

ಗಿರಾಕಿಯ ಮುಂದೆ ಎಂದೂ ತಪ್ಪೊಪ್ಪಿಕೊಳ್ಳದ ನನ್ನ ಅಣ್ಣ, ಇಡೀ ಊರಿನ ಮುಂದೆ ಹೀಗೆ ನಿಂತನಲ್ಲ! ಪ್ರತಿಗಳನ್ನು ಬ್ಯಾಡಗಿಗೆ ಕಳಿಸುವಾಗ ನನಗೆ ಹೆದರಿಕೆಯೂ ಆಯಿತು.

ಮರುದಿನ ದಲಾಲರು ಆ ಹಾಳೆ ಹಿಡಿದುಕೊಂಡೇ ಬಂದರು. ಅಣ್ಣ ಎದ್ದು ನಿಂತ. ಅವರು ಕೂರಲಿಲ್ಲ.

“ಒಂದ ಮಾತ ಕೇಳಿದ್ರ ನಾನ ಏಣಿ ಹಿಡೀತಿದ್ನಲ್ಲೋ ತಮ್ಮಾ,” ಅಂದರು.

ಅಣ್ಣ ಕೈಮುಗಿದ.

“ಓಣ್ಯಾಗ ಎಲ್ಲಾರಿಗೂ ಓದಿ ಹೇಳೇನಿ. ಯಾರೂ ಬಿಡೂದಿಲ್ಲ. ನಡಿ, ನಮ್ಮ ಮಾಳಿಗಿ ಮ್ಯಾಲಿಂದು ಬಿಚ್ಚಿ ಟವರ್ ಹಂತೇಕ ಇಡು. ಇನ್ನೊಂದು ಬರೂತನಕ ನನಗ ಇಂಟರ್‌ನೆಟ್ ಇಲ್ದಿದ್ರೂ ನಡೀತೈತಿ.”